ವಿಭವದ ಗ್ರಾಫ್‌ನಿಂದ ವಿದ್ಯುತ್ ಕ್ಷೇತ್ರ: ನಾನು ಮಾಡುವ ರೀತಿ

ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವಾಗ ನಾನು ಈ ಗ್ರಾಫನ್ನು ಮತ್ತೆ ಮತ್ತೆ ಬರೆಸುತ್ತೇನೆ. ಅಡ್ಡಗೆರೆಯಲ್ಲಿ x ಸೆಂಟಿಮೀಟರ್‌ನಲ್ಲಿ, ಲಂಬಗೆರೆಯಲ್ಲಿ ವಿಭವ V ವೋಲ್ಟ್‌ನಲ್ಲಿ. 0ಯಿಂದ 2 ಸೆಂ.ಮೀ.ವರೆಗೆ V ಸುಮ್ನೆ 6 ವೋಲ್ಟ್‌ನಲ್ಲೇ ಇದೆ. ಅಲ್ಲಿಂದ 5 ಸೆಂ.ಮೀ. ತಲುಪುವಷ್ಟರಲ್ಲಿ ನೇರವಾಗಿ 12ಕ್ಕೆ ಏರುತ್ತದೆ. 5ರಿಂದ 6ರೊಳಗೆ ಧಡಕ್ಕನೆ -4ಕ್ಕೆ ಇಳಿದು, 10 ಸೆಂ.ಮೀ. ಹೊತ್ತಿಗೆ ನಿಧಾನವಾಗಿ 0ಗೆ ಬರುತ್ತದೆ.

ನಾನು ಮೊದಲು ಲೆಕ್ಕಕ್ಕೆ ಕೈ ಹಾಕುವುದಿಲ್ಲ. ಗೆರೆ ಎಲ್ಲೆಲ್ಲಿ ತಿರುಗುತ್ತದೋ ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಉದ್ದಗೆರೆ ಎಳೆಯುತ್ತೇನೆ. ನಾಲ್ಕು ಭಾಗ ಸಿಗುತ್ತವೆ. ಪ್ರತಿ ಭಾಗದಲ್ಲೂ ಏರಿದರೆ ಮೈನಸ್, ಇಳಿದರೆ ಪ್ಲಸ್, ಚಪ್ಪಟೆ ಇದ್ದರೆ ಸೊನ್ನೆ ಅಂತ ಕ್ಷೇತ್ರದ ಚಿಹ್ನೆಯನ್ನು ಮೇಲೆಯೇ ಬರೆದುಬಿಡುತ್ತೇನೆ. ಧನ ವಿದ್ಯುದಂಶವನ್ನು ಕ್ಷೇತ್ರ ಯಾವಾಗಲೂ ವಿಭವ ಕಡಿಮೆ ಇರುವ ಕಡೆಗೇ ತಳ್ಳುತ್ತದೆ, ಅಲ್ವಾ? ಸೂತ್ರದ ಮೈನಸ್ ಹೇಳುವುದೂ ಅದನ್ನೇ: E = -ΔV/Δx.

ಈಗ ಲೆಕ್ಕ. ಮೊದಲ ಭಾಗದಲ್ಲಿ E ಸೊನ್ನೆ. ಎರಡನೆಯದರಲ್ಲಿ 3 ಸೆಂ.ಮೀ.ಗೆ 6 ವೋಲ್ಟ್ ಏರಿಕೆ, ಅಂದರೆ 6/0.03. ಉತ್ತರ -200 V/m. ಮೂರನೆಯದರಲ್ಲಿ 1 ಸೆಂ.ಮೀ.ಗೆ 16 ವೋಲ್ಟ್ ಇಳಿಕೆ: +1600 V/m. ಕೊನೆಯದರಲ್ಲಿ 4 ಸೆಂ.ಮೀ.ಗೆ 4 ವೋಲ್ಟ್ ಏರಿಕೆ: -100 V/m. ಸೆಂಟಿಮೀಟರನ್ನು ಮೀಟರ್ ಮಾಡಲು ಮರೆತರೆ ಉತ್ತರ ನೂರು ಪಟ್ಟು ಚಿಕ್ಕದಾಗಿ ಬರುತ್ತದೆ.

ಮಕ್ಕಳು ಜಾಸ್ತಿ ಎಡವುವುದು ಗ್ರಾಫಿನ ಎತ್ತರ ನೋಡಿ. 5.75 ಸೆಂ.ಮೀ.ನಲ್ಲಿ ಗೆರೆ ಸೊನ್ನೆಯನ್ನು ದಾಟುತ್ತದೆ. ಅಲ್ಲಿ ಕ್ಷೇತ್ರವೂ ಸೊನ್ನೆ ಅಂತ ಬರೆದುಬಿಡುತ್ತಾರೆ. ಆದರೆ ಇಡೀ ಗ್ರಾಫಿನಲ್ಲಿ ಕ್ಷೇತ್ರ ಅತಿ ಹೆಚ್ಚು ಇರುವ ಭಾಗವೇ ಅದು. ಮೊದಲ ಭಾಗದಲ್ಲಿ ಇದಕ್ಕೆ ತಿರುಗುಮುರುಗು: ವಿಭವ 6 ವೋಲ್ಟ್ ಇದೆ, ಕ್ಷೇತ್ರ ಮಾತ್ರ ಇಲ್ಲ. ರಸ್ತೆ ಎಷ್ಟು ಎತ್ತರದಲ್ಲಿದೆ ಅನ್ನುವುದಲ್ಲ, ಎಷ್ಟು ಕಡಿದಾಗಿ ಇಳಿಯುತ್ತದೆ ಅನ್ನುವುದು ಸೈಕಲ್ ಓಡಿಸುವವರಿಗೆ ಗೊತ್ತಾಗುವ ಹಾಗೆ ಇದು.

ಉತ್ತರ ಸರಿಯಿದೆಯೇ ಎಂದು ನೋಡಲು ಪ್ರತಿ ಭಾಗದ E ಅನ್ನು ಅದರ ಅಗಲದಿಂದ ಗುಣಿಸಿ ಕೂಡುತ್ತೇನೆ: 0 - 6 + 16 - 4 = 6. ವಿಭವ ಒಟ್ಟು ಇಳಿದಿರಬೇಕಾದದ್ದು ಅಷ್ಟೇ. 6ರಿಂದ ಹೊರಟು 0ಗೆ ಬಂದಿದೆ, ತಾಳೆಯಾಯಿತು. ಒಂದು ಚಿಹ್ನೆ ತಪ್ಪಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ.

ತಿರುವಿನ ಬಿಂದುಗಳು ನನಗೆ ತುಂಬಾ ಇಷ್ಟ. 5 ಸೆಂ.ಮೀ.ನಲ್ಲಿ V ತುಂಡಾಗಿಲ್ಲ, E ಮಾತ್ರ -200ರಿಂದ +1600ಕ್ಕೆ ಹಾರಿದೆ. ಹಾಗಾಗಿ ಆ ಒಂದು ಬಿಂದುವಿನಲ್ಲಿ E ಎಷ್ಟು ಅಂತ ಕೇಳುವ ಹಾಗಿಲ್ಲ. ಆದರೆ ಎರಡೂ ಕಡೆ ಕ್ಷೇತ್ರ ಅಲ್ಲಿಂದ ಹೊರಕ್ಕೇ ಹೋಗುತ್ತಿದೆ. ಕ್ಷೇತ್ರವೆಲ್ಲ x ದಿಕ್ಕಿನಲ್ಲೇ ಇದ್ದರೆ, ಅಲ್ಲಿ ಧನ ವಿದ್ಯುದಂಶದ ತೆಳು ಹಾಳೆ ಇದೆ ಎಂದರ್ಥ. 1800ರ ಆ ಜಿಗಿತವನ್ನು ε₀ ಇಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 16 ನ್ಯಾನೋಕೂಲಂಬ್ ಸಿಗುತ್ತದೆ. 6 ಸೆಂ.ಮೀ.ನಲ್ಲಿ ಕ್ಷೇತ್ರ ಎರಡೂ ಕಡೆಯಿಂದ ಒಳಕ್ಕೆ ಬರುತ್ತದೆ, ಹಾಗಾಗಿ ಅಲ್ಲಿರುವುದು ಋಣ ಹಾಳೆ.