ಕೀ ಉತ್ತರ ಮೊದಲು, ಮುದ್ರಣ ಆಮೇಲೆ

ಶ್ರೀನಿವಾಸಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಶಿಕ್ಷಕಿ. ಕಳೆದ ಜನವರಿಯಲ್ಲಿ ಅಕ್ಕಪಕ್ಕದ ಎರಡು ಶಾಲೆಗಳ ಗಣಿತ ಶಿಕ್ಷಕರ ಜೊತೆ ಸೇರಿ ಹತ್ತನೇ ತರಗತಿಯ ಮಕ್ಕಳಿಗೆ ಒಂದು ಪೂರ್ವಸಿದ್ಧತಾ ಪರೀಕ್ಷೆ ನಡೆಸಿದೆವು. ಮೂರು ಶಾಲೆ, 94 ಮಕ್ಕಳು, ಹಳೆಯ ಪತ್ರಿಕೆಗಳಿಂದ ನಾವೇ ಆರಿಸಿದ ಒಂದು ಪ್ರಶ್ನೆಪತ್ರಿಕೆ. ಪ್ರಶ್ನೆ ಆರಿಸುವುದೇ ದೊಡ್ಡ ಕೆಲಸ ಎಂದು ಹೊರಟಿದ್ದೆ. ನಿಜವಾದ ಕೆಲಸ ಇದ್ದದ್ದು ಕೀ ಉತ್ತರದಲ್ಲಿ.

ಮೊದಲು ಸಾಮಗ್ರಿಯ ಮಾತು. 2022 ಮತ್ತು 2023ರ ಎಸ್‌ಎಸ್‌ಎಲ್‌ಸಿ ಮುಖ್ಯ ಹಾಗೂ ಪೂರಕ ಪರೀಕ್ಷೆಗಳವು ನಾಲ್ಕು, 2024 ಮತ್ತು 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆದದ್ದರಿಂದ ಆ ಎರಡು ವರ್ಷಗಳ ಆರು, ಒಟ್ಟು ಹತ್ತು ಪತ್ರಿಕೆಗಳು ಸಿಕ್ಕವು. 2021ರ ಪತ್ರಿಕೆಯನ್ನು ಪಕ್ಕಕ್ಕಿಟ್ಟೆ. ಕೊರೊನಾ ಕಾಲದ ಆ ವರ್ಷ ಎಲ್ಲವೂ ಬಹುಆಯ್ಕೆಯ ಪ್ರಶ್ನೆಗಳೇ ಆಗಿದ್ದವು. ಒಂದು ಅಂಕದ ಪ್ರಶ್ನೆ ಹುಡುಕಲು ಬಿಟ್ಟರೆ ಅದರಿಂದ ಬೇರೆ ಉಪಯೋಗವಿಲ್ಲ. ಹತ್ತು ಪತ್ರಿಕೆಗಳ ನಕಲು ತೆಗೆಸಿ, ಒಂದೊಂದು ಪ್ರಶ್ನೆಯನ್ನೂ ಕತ್ತರಿಯಿಂದ ಕತ್ತರಿಸಿ, ಪಾಠಕ್ಕೊಂದರಂತೆ ಲಕೋಟೆಗಳಲ್ಲಿ ಹಾಕಿದೆ. ಹಾಕುವ ಮೊದಲು ಚೀಟಿಯ ಹಿಂದೆ ವರ್ಷ ಮತ್ತು ಅಂಕ ಬರೆದೆ. ಮಕ್ಕಳ ಕೈಯಲ್ಲಿರುವ ಈ ವರ್ಷದ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಅದರಲ್ಲಿ ಇಲ್ಲದ ಭಾಗದ ಪ್ರಶ್ನೆ ಬಂದರೆ ಅಲ್ಲಿಂದಲೇ ಬುಟ್ಟಿಗೆ ಎಸೆದೆ. ಹಳೆಯ ಪತ್ರಿಕೆಗಳನ್ನು ಕಣ್ಣುಮುಚ್ಚಿ ಬಳಸಿದರೆ ಕೈಬಿಟ್ಟ ಪಾಠದ ಪ್ರಶ್ನೆ ನುಸುಳುವುದು ಬಹಳ ಸುಲಭ.

ಪತ್ರಿಕೆಯ ಅಚ್ಚು ನಮಗೆಲ್ಲ ಬಾಯಿಪಾಠ: ಒಂದು ಅಂಕದ ಬಹುಆಯ್ಕೆ ಎಂಟು, ಒಂದು ಅಂಕದ ನೇರ ಉತ್ತರ ಎಂಟು, ಎರಡು ಅಂಕದವು ಎಂಟು, ಮೂರು ಅಂಕದವು ಒಂಬತ್ತು, ನಾಲ್ಕರವು ನಾಲ್ಕು, ಐದರದು ಒಂದು. 38 ಪ್ರಶ್ನೆ, 80 ಅಂಕ. ಅಚ್ಚು ತುಂಬಿದ ಮಾತ್ರಕ್ಕೆ ಪತ್ರಿಕೆ ಸಮತೋಲನದಲ್ಲಿದೆ ಎನ್ನಲಾಗದು. ನನ್ನ ಮೊದಲ ಆಯ್ಕೆಯನ್ನು ನೀಲನಕ್ಷೆಯ ಕೋಷ್ಟಕಕ್ಕೆ, ಅಂದರೆ ಸಾಲಿನಲ್ಲಿ ಪಾಠ, ಕಂಬದಲ್ಲಿ ಅಂಕ ಇರುವ ಹಾಳೆಗೆ ಇಳಿಸಿದಾಗ ಮುಖ ಕೆಂಪಾಯಿತು. ಸಮಾಂತರ ಶ್ರೇಢಿ ಮತ್ತು ವರ್ಗ ಸಮೀಕರಣಗಳು ತಮ್ಮ ಪಾಲಿಗಿಂತ ಹೆಚ್ಚು ಜಾಗ ತಿಂದಿದ್ದವು, ವೃತ್ತಗಳ ಸಾಲು ಬಹುತೇಕ ಖಾಲಿ. ಕಾರಣ ಸರಳ: ಬೀಜಗಣಿತದ ಪ್ರಶ್ನೆಯನ್ನು ಕತ್ತರಿಸಿ ಅಂಟಿಸುವುದು ಸುಲಭ, ಚಿತ್ರವಿರುವ ಪ್ರಶ್ನೆಯನ್ನು ಮತ್ತೆ ಬರೆಯುವುದು ಕಷ್ಟ. ಪ್ರಶ್ನೆ ತಯಾರಿಸುವವರ ಸೋಮಾರಿತನಕ್ಕೆ ಮಕ್ಕಳು ಬೆಲೆ ತೆರಬಾರದು ಎಂದು ಎರಡು ರಾತ್ರಿ ಕೂತು ಚಿತ್ರಗಳನ್ನು ಬರೆದೆ.

‘ಅಥವಾ’ ಇರುವ ಪ್ರಶ್ನೆಗಳಲ್ಲಿ ಇನ್ನೊಂದು ಹಳ್ಳ ಇತ್ತು. ಎರಡೂ ಒಂದೇ ಪಾಠದವಾಗಿದ್ದರೆ ಸಾಕು ಎಂದುಕೊಂಡಿದ್ದೆವು. ಬಿಡಿಸಿ ನೋಡಿದರೆ ಒಂದು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ, ಇನ್ನೊಂದು ಹನ್ನೊಂದು ಸಾಲು ಹಿಡಿಯುತ್ತದೆ. ಮೊದಲನೆಯದನ್ನೇ ಆರಿಸಿಕೊಳ್ಳುವಷ್ಟು ಚುರುಕುತನಕ್ಕೂ ಗಣಿತಕ್ಕೂ ಸಂಬಂಧವಿಲ್ಲ. ಹಾಗಾಗಿ ಜೋಡಿಗಳನ್ನೆಲ್ಲ ಹಂತಗಳ ಎಣಿಕೆಯಿಂದ ಸರಿಹೊಂದಿಸಿದೆವು.

ಸಮಯದ ಅಳತೆಗೆ ನನ್ನದೊಂದು ರೂಢಿ ಇದೆ. ಪೂರ್ತಿ ಪತ್ರಿಕೆಯನ್ನು ಹಂತ ಬಿಡದೆ, ಚಿತ್ರ ಸಮೇತ ನಾನೇ ಬರೆದು ಮುಗಿಸುತ್ತೇನೆ. ನನಗೆ ಹಿಡಿದ ಸಮಯದ ಮೂರು ಪಟ್ಟು ಮಕ್ಕಳಿಗೆ ಬೇಕು. ಓದುವ ಹದಿನೈದು ನಿಮಿಷ ಸೇರಿ ಪರೀಕ್ಷೆ ಮೂರೂಕಾಲು ಗಂಟೆ, ಅಂದರೆ 195 ನಿಮಿಷ; ಬರೆಯಲು ಸಿಗುವುದು 180. ಹಾಗಾಗಿ ನಾನು 60ರ ಆಸುಪಾಸಿನಲ್ಲಿ ಮುಗಿಸಬೇಕು. ಮೊದಲ ಸಲ 78 ನಿಮಿಷ ಹಿಡಿಯಿತು. ಲೆಕ್ಕ ಹಾಕುವುದರಲ್ಲೇ ಹೊತ್ತು ಹೋಗುವ ಮೂರು ಪ್ರಶ್ನೆಗಳನ್ನು ಬದಲಿಸಿದ ಮೇಲೆ 61ಕ್ಕೆ ಇಳಿಯಿತು.

ಪತ್ರಿಕೆ ಬಿಡಿಸುವ ಈ ಕೂರುವಿಕೆಯಲ್ಲೇ ಕೀ ಉತ್ತರವನ್ನೂ ಬರೆಯಬೇಕು ಎಂದು ನಾನು ಹಟ ಹಿಡಿದದ್ದಕ್ಕೆ ಒಂದು ಪ್ರಶ್ನೆಯೇ ಸಾಕ್ಷಿ. ‘ಎರಡು ಕ್ರಮಾನುಗತ ಧನ ಬೆಸ ಪೂರ್ಣಾಂಕಗಳ ವರ್ಗಗಳ ಮೊತ್ತ 290 ಆದರೆ ಆ ಸಂಖ್ಯೆಗಳನ್ನು ಕಂಡುಹಿಡಿಯಿರಿ’ ಎಂಬುದು ಮಕ್ಕಳಿಗೆಲ್ಲ ಗೊತ್ತಿರುವ ಲೆಕ್ಕ. ಕೆಲವರು ಉತ್ತರ 11, 13 ಎಂದು ಪ್ರಶ್ನೆ ಓದುವ ಮೊದಲೇ ಹೇಳುತ್ತಾರೆ. ಸಂಖ್ಯೆ ಬದಲಿಸೋಣ ಎಂದು ಪಕ್ಕದ ಶಾಲೆಯ ಮೇಷ್ಟ್ರು 290ನ್ನು 300 ಮಾಡಿದ್ದರು. ಓದಲು ಏನೂ ತಪ್ಪು ಕಾಣುವುದಿಲ್ಲ. ಕೀ ಬರೆಯಲು ಕೂತಾಗ x² + 2x − 148 = 0 ಬಂತು, ಶೋಧಕ 596, ಅದು ಪೂರ್ಣವರ್ಗವೇ ಅಲ್ಲ. ಅಂಥ ಪೂರ್ಣಾಂಕಗಳೇ ಇಲ್ಲ. ಆ ಪ್ರಶ್ನೆ ಹಾಗೇ ಮುದ್ರಣಕ್ಕೆ ಹೋಗಿದ್ದರೆ ಚೆನ್ನಾಗಿ ಓದಿದ ಮಕ್ಕಳೇ ಅಪವರ್ತನ ಸಿಗದೆ ಇಪ್ಪತ್ತು ನಿಮಿಷ ಒದ್ದಾಡುತ್ತಿದ್ದರು. ಸಂಖ್ಯೆ ಬದಲಿಸುವಾಗ ಉತ್ತರದಿಂದ ಹಿಂದಕ್ಕೆ ಬರಬೇಕು: 13 ಮತ್ತು 15 ಎಂದು ಮೊದಲು ತೀರ್ಮಾನಿಸಿ, 169 + 225 = 394 ಎಂದು ಪ್ರಶ್ನೆಗೆ ಹಾಕಿದೆವು.

ಆಮೇಲೆ ಇದೇ ಪ್ರಶ್ನೆಯ ಮೂರು ಅಂಕ ಹಂಚಲು ಕೂತೆವು. ಸಂಖ್ಯೆಗಳನ್ನು x, x + 2 ಎಂದು ತೆಗೆದುಕೊಂಡದ್ದಕ್ಕೆ ಅರ್ಧ. ಸಮೀಕರಣ ರಚಿಸಿದ್ದಕ್ಕೆ ಅರ್ಧ. x² + 2x − 195 = 0 ಎಂಬ ಆದರ್ಶ ರೂಪಕ್ಕೆ ಅರ್ಧ. (x + 15)(x − 13) = 0 ಎಂಬ ಅಪವರ್ತನಕ್ಕೆ, ಅಥವಾ ಸೂತ್ರದಲ್ಲಿ ಸರಿಯಾಗಿ ಬೆಲೆ ಹಾಕಿದ್ದಕ್ಕೆ, ಅರ್ಧ. ಎರಡೂ ಮೂಲಗಳಿಗೆ ಅರ್ಧ. −15ನ್ನು ಬಿಟ್ಟು 13, 15 ಎಂದು ಬರೆದದ್ದಕ್ಕೆ ಅರ್ಧ. ಇಷ್ಟಕ್ಕೆ ಮುಗಿಯಿತು ಎಂದುಕೊಂಡೆವು.

ಮೂರನೆಯ ಶಾಲೆಯ ಮೇಡಂ ಆಗ ಕೇಳಿದರು: ‘ಮಗು x − 1, x + 1 ಎಂದು ತೆಗೆದುಕೊಂಡರೆ?’ ಆಗ 2x² + 2 = 394, x² = 196, x = 14; ಉತ್ತರ 13, 15. ಆದರ್ಶ ರೂಪವೂ ಇಲ್ಲ, ಅಪವರ್ತನವೂ ಇಲ್ಲ. ನಮ್ಮ ಕೀ ಪ್ರಕಾರ ಅತಿ ಚಂದದ ಉತ್ತರಕ್ಕೆ ಒಂದು ಅಂಕ ಕಡಿಮೆ! ತಕ್ಷಣ ಎರಡನೇ ಕಂಬ ಎಳೆದು, ಈ ವಿಧಾನಕ್ಕೆ x² = 196 ಎಂಬ ಸಾಲಿಗೇ ಒಂದು ಪೂರ್ಣ ಅಂಕ ಬರೆದೆವು. ಅಂದಿನಿಂದ ಪ್ರತಿ ಪ್ರಶ್ನೆಯನ್ನೂ ಇಬ್ಬರು ಬೇರೆ ಬೇರೆ ಕೂತು ಬಿಡಿಸುವುದು ನಮ್ಮ ನಿಯಮವಾಯಿತು.

‘ಸಮೀಕರಣವೇ ಇಲ್ಲದೆ 13² + 15² = 169 + 225 = 394 ಎಂದು ತಾಳೆ ನೋಡಿ ಬರೆದರೆ?’ ಎಂಬುದು ಮುಂದಿನ ಪ್ರಶ್ನೆ. ಮೇಷ್ಟ್ರು ಅರ್ಧ ಅಂಕ ಸಾಕು ಎಂದರು. ಪ್ರಶ್ನೆಯಲ್ಲಿ ‘ಕಂಡುಹಿಡಿಯಿರಿ’ ಎಂದಷ್ಟೇ ಇರುವಾಗ ಸರಿಯಾಗಿ ಕಂಡುಹಿಡಿದ ಮಗುವಿಗೆ ಅರ್ಧ ಅಂಕ ಕೊಡಲು ನಮಗೆ ಯಾವ ಹಕ್ಕು ಎಂದು ನಾನು ವಾದಿಸಿದೆ. ಕೊನೆಗೆ ಕೀ ಬಿಟ್ಟು ಪ್ರಶ್ನೆಯನ್ನೇ ತಿದ್ದಿದೆವು: ‘ವರ್ಗ ಸಮೀಕರಣ ರಚಿಸಿ ಬಿಡಿಸುವ ಮೂಲಕ ಕಂಡುಹಿಡಿಯಿರಿ.’ ಕೀ ಏನನ್ನು ಕೇಳುತ್ತದೆಯೋ ಅದು ಪ್ರಶ್ನೆಯಲ್ಲಿ ಮೊದಲೇ ಇರಬೇಕು. ನಮ್ಮ ಕಡೆ ಮನೆಯಲ್ಲಿ ತೆಲುಗು ಮಾತನಾಡುವ ಮಕ್ಕಳು ಬಹಳ. ‘ಕ್ರಮಾನುಗತ’ ಎಂದರೆ 13, 14 ಎಂದು ತಿಳಿಯುವವರಿದ್ದಾರೆ. ‘11, 13ರಂತೆ ಒಂದರ ನಂತರ ಒಂದು ಬರುವ’ ಎಂದು ಕಂಸದಲ್ಲಿ ಸೇರಿಸಿದೆವು. ಪರೀಕ್ಷಿಸಬೇಕಿದ್ದದ್ದು ಅವರ ಗಣಿತವನ್ನು.

ಪರೀಕ್ಷೆ ನಡೆದ ದಿನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮೂರೂ ಶಾಲೆಗಳಲ್ಲಿ ಒಂದೇ ಹೊತ್ತಿಗೆ ಆರಂಭ, ಹೆಸರಿಲ್ಲದೆ ಸಂಖ್ಯೆ ಮಾತ್ರ ಬರೆದ ಉತ್ತರ ಪತ್ರಿಕೆ, ಒಂದು ಶಾಲೆಯದು ಇನ್ನೊಂದು ಶಾಲೆಗೆ.

ಮೌಲ್ಯಮಾಪನಕ್ಕೆ ಮೊದಲು ಐದು ಉತ್ತರ ಪತ್ರಿಕೆಗಳ ನಕಲು ತೆಗೆಸಿ ಮೂವರೂ ಪರಸ್ಪರ ತೋರಿಸದೆ ತಿದ್ದಿದೆವು. ಅದೇ 394ರ ಪ್ರಶ್ನೆಗೆ ಒಬ್ಬ ಹುಡುಗನಿಗೆ ಒಬ್ಬರು ಒಂದು, ಒಬ್ಬರು ಒಂದೂವರೆ, ನಾನು ಎರಡು ಕೊಟ್ಟಿದ್ದೆ. ಕೀ ಅಷ್ಟು ವಿವರವಾಗಿದ್ದೂ! ಆ ಹುಡುಗ ಸಮೀಕರಣ ಸರಿಯಾಗಿ ರಚಿಸಿ, 394ರಿಂದ 4 ಕಳೆಯುವಾಗ 380 ಎಂದು ಬರೆದಿದ್ದ. ಅಲ್ಲಿಂದ x² + 2x − 190 = 0. ಅಪವರ್ತನ ಆಗಲಿಲ್ಲ, ಧೃತಿಗೆಡದೆ ಸೂತ್ರ ಬಳಸಿ, ತನ್ನ ಸಮೀಕರಣಕ್ಕೆ ಸರಿಯಾದ ಮೂಲಗಳನ್ನೇ ಬರೆದಿದ್ದ. ಇನ್ನೊಬ್ಬಳು (x + 2)²ನ್ನು x² + 4 ಎಂದು ಬಿಡಿಸಿ, x² = 195 ಎಂದು ಎರಡು ಸಾಲಿನಲ್ಲಿ ಮುಗಿಸಿದ್ದಳು. ಇಬ್ಬರದೂ ಮೂರನೇ ಸಾಲಿನ ತಪ್ಪೇ. ಇಬ್ಬರಿಗೂ ಒಂದೇ ಅಂಕವೇ?

ಅರ್ಧ ದಿನ ಇದನ್ನೇ ಚರ್ಚಿಸಿ ಕೀಗೆ ಒಂದು ವಾಕ್ಯ ಸೇರಿಸಿದೆವು: ತಪ್ಪಿಗೆ ಒಂದೇ ಸಲ ಅಂಕ ಕಳೆಯಬೇಕು, ಆ ತಪ್ಪಿನಿಂದ ಮುಂದಿನ ಕೆಲಸ ಹಗುರವಾಗದಿದ್ದರೆ, ನಂತರದ ಸರಿಯಾದ ಹಂತಗಳಿಗೆ ಅಂಕ ಕೊಡಬೇಕು. ಹುಡುಗನ ಮುಂದಿನ ಕೆಲಸ ಹಗುರವಾಗಿರಲಿಲ್ಲ. ಆದರ್ಶ ರೂಪದ ಅರ್ಧ ಮತ್ತು ಕೊನೆಯ ಉತ್ತರದ ಅರ್ಧ ಹೋಗಿ ಎರಡು ಅಂಕ. ಹುಡುಗಿಯ ತಪ್ಪು ವರ್ಗ ಸಮೀಕರಣ ಬಿಡಿಸುವ ಕೆಲಸವನ್ನೇ ಅಳಿಸಿಹಾಕಿತ್ತು. ಮೊದಲ ಎರಡು ಹಂತಗಳಿಗೆ ಒಂದು ಅಂಕ. ಮತ್ತೆ ಐದು ಹೊಸ ಪತ್ರಿಕೆಗಳನ್ನು ಮೂವರೂ ತಿದ್ದಿದಾಗ ಒಟ್ಟು ಅಂಕದಲ್ಲಿ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಎಲ್ಲೂ ಬರಲಿಲ್ಲ. ಆಮೇಲಷ್ಟೇ ಉಳಿದ ಕಟ್ಟುಗಳನ್ನು ಬಿಚ್ಚಿದೆವು. ಒಂದು ಪತ್ರಿಕೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗದೆ, ಒಂದೇ ಪ್ರಶ್ನೆಯನ್ನು ಕಟ್ಟಿನ ಉದ್ದಕ್ಕೂ ತಿದ್ದಿದೆವು. ಮೊದಲ ಪುಟದ ಅಕ್ಷರ ಚಂದವಾಗಿದ್ದರೆ ಕೊನೆಯ ಪುಟದವರೆಗೂ ಕೈ ಧಾರಾಳವಾಗುವುದು ಇದರಿಂದ ತಪ್ಪುತ್ತದೆ.

ಅಂಕ ಕೊಟ್ಟ ದಿನ ಕೀ ಉತ್ತರದ ಪ್ರತಿಯನ್ನೂ ಮಕ್ಕಳಿಗೆ ಕೊಟ್ಟು, ತಮ್ಮ ಪತ್ರಿಕೆಯ ಜೊತೆ ತಾಳೆ ನೋಡಲು ಹೇಳಿದೆ. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದು, ‘ಮೇಡಂ, ನಕ್ಷೆಯ ಲೆಕ್ಕದಲ್ಲಿ ನನ್ನ ಕೋಷ್ಟಕಕ್ಕೆ ಅಂಕ ಯಾಕೆ ಹೋಯಿತು?’ ಎಂದಳು. ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ನಕ್ಷೆಯಿಂದ ಬಿಡಿಸುವ ನಾಲ್ಕು ಅಂಕದ ಪ್ರಶ್ನೆ ಅದು. ಕೀಯಲ್ಲಿ x ಬೆಲೆ 0, 1, 2 ಎಂದಿತ್ತು. ಆಕೆ ಭಿನ್ನರಾಶಿ ಬಾರದಂತೆ 0, 3, 6 ತೆಗೆದುಕೊಂಡಿದ್ದಳು. ಬಿಂದುಗಳು ಅದೇ ರೇಖೆಯ ಮೇಲೇ ಇದ್ದವು, ಛೇದಿಸುವ ಜಾಗವೂ ಸರಿ. ‘ರೇಖೆಯ ಮೇಲಿನ ಯಾವುದೇ ಬಿಂದುಗಳು’ ಎಂದು ಕೀಯಲ್ಲಿ ಬರೆಯಲು ನಾನೇ ಮರೆತಿದ್ದೆ. ಆಕೆಯ ಒಂದು ಅಂಕವನ್ನು ಅಲ್ಲೇ ಸೇರಿಸಿದೆ. ಸಂಜೆ ಉಳಿದ ಇಬ್ಬರಿಗೂ ಫೋನ್ ಮಾಡಿದೆ. 94 ಪತ್ರಿಕೆಗಳಲ್ಲೂ ಆ ಒಂದು ಪ್ರಶ್ನೆಯನ್ನು ಮತ್ತೆ ತಿರುವಿ ನೋಡಿದೆವು. ಇನ್ನೂ ಮೂರು ಮಕ್ಕಳ ಅಂಕ ಬದಲಾಯಿತು. ಅವರಲ್ಲಿ ಯಾರೂ ಕೇಳಲು ಬಂದಿರಲಿಲ್ಲ.