ಸಮವೇಗದ ಲೆಕ್ಕ: ಬಲದ ಬಾಣಗಳನ್ನು ತಪ್ಪಿಲ್ಲದೆ ಬರೆಯುವುದು ಹೇಗೆ?

ನೆಲದ ಮೇಲೆ ಅಕ್ಕಿ ಮೂಟೆಯನ್ನು ಹಗ್ಗ ಕಟ್ಟಿ ಸಮವೇಗದಲ್ಲಿ ಎಳೆಯುವ ಚಿತ್ರ ಬರೆಯಲು ಹೇಳಿದರೆ, ಹೆಚ್ಚಿನ ಮಕ್ಕಳು ಎಳೆತದ ಬಾಣವನ್ನು ಘರ್ಷಣೆಯ ಬಾಣಕ್ಕಿಂತ ಉದ್ದವಾಗಿ ಬರೆಯುತ್ತಾರೆ. ‘ಎಳೆತ ಸ್ವಲ್ಪವಾದರೂ ಹೆಚ್ಚಿರದಿದ್ದರೆ ಮೂಟೆ ಮುಂದೆ ಸಾಗುವುದು ಹೇಗೆ?’ ಎಂಬುದು ಅವರ ವಾದ. ಈ ತಪ್ಪನ್ನು ತಿದ್ದುವ ಕ್ರಮ ಹೀಗಿದೆ.

ಮೊದಲು ಮೂಟೆಯನ್ನು ಮಾತ್ರ ಬರೆದು, ಅದರ ಮೇಲಿನ ಬಲಗಳನ್ನು ಬಾಣಗಳಾಗಿ ಗುರುತಿಸಿ. ಪ್ರತಿ ಬಾಣದ ಪಕ್ಕದಲ್ಲಿ ಆ ಬಲವನ್ನು ಹಾಕುತ್ತಿರುವುದು ಯಾವ ವಸ್ತು ಎಂದು ಬರೆಯಲೇಬೇಕು: ಹಗ್ಗ, ನೆಲ, ಭೂಮಿ. ‘ಚಲನೆಯ ಬಲ’ ಎಂಬ ಬಾಣಕ್ಕೆ ಹಾಗೆ ಬರೆಯಲು ಯಾವ ವಸ್ತುವೂ ಸಿಗುವುದಿಲ್ಲವಾದ್ದರಿಂದ ಅದನ್ನು ಅಳಿಸಿಹಾಕಿ. ವೇಗದ ಬಾಣವನ್ನು ಇದೇ ಚಿತ್ರದಲ್ಲಿ ಸೇರಿಸಬೇಡಿ. ಅದನ್ನು ಬೇರೆ ಬಣ್ಣದಲ್ಲಿ ಪಕ್ಕದಲ್ಲಿಯೇ ಬರೆಯಿರಿ.

ಎರಡನೆಯ ಹಂತವೇ ಕಷ್ಟದ್ದು, ಇಲ್ಲಿ ಅವಸರ ಬೇಡ. ಮೂಟೆಯ ತೂಕ 25 ಕಿಲೋ, ಜಾರುವಾಗಿನ ಘರ್ಷಣೆ 100 ನ್ಯೂಟನ್ ಎಂದಿಟ್ಟುಕೊಳ್ಳಿ. ಮಕ್ಕಳ ವಾದದಂತೆ ಎಳೆತವನ್ನು 110 ನ್ಯೂಟನ್ ಮಾಡೋಣ. ಉಳಿಯುವ ನಿವ್ವಳ ಬಲ 10 ನ್ಯೂಟನ್. ಅದನ್ನು 25ರಿಂದ ಭಾಗಿಸಿದರೆ ವೇಗವು ಪ್ರತಿ ಸೆಕೆಂಡಿಗೆ 0.4 ಮೀಟರ್/ಸೆಕೆಂಡಿನಷ್ಟು ಏರುತ್ತದೆ. ನಿಂತಲ್ಲಿಂದ ಹೊರಟ ಮೂಟೆ ಹತ್ತು ಸೆಕೆಂಡಿನಲ್ಲಿ ಸೆಕೆಂಡಿಗೆ 4 ಮೀಟರ್ ವೇಗ ಮುಟ್ಟುತ್ತದೆ, ಅಂದರೆ ಎಳೆಯುವವರು ಗಂಟೆಗೆ ಸುಮಾರು 14 ಕಿಲೋಮೀಟರ್ ವೇಗದಲ್ಲಿ ಓಡುತ್ತಿರಬೇಕು. ಇದು ಸಮವೇಗವಲ್ಲ. ಸಮವೇಗ ಬೇಕಿದ್ದರೆ ಎಳೆತ ಸರಿಯಾಗಿ 100 ನ್ಯೂಟನ್ ಇರಬೇಕು.

ಹಾಗಾದರೆ ಮೂಟೆ ಹೊರಟಿದ್ದು ಹೇಗೆ? ಹೊರಡುವ ಕ್ಷಣದಲ್ಲಿ ಎಳೆತ ಹೆಚ್ಚೇ ಇತ್ತು. ನಿಂತ ಮೂಟೆಯನ್ನು ಕದಲಿಸಲು ಸಾಮಾನ್ಯವಾಗಿ ಜಾರುವಾಗಿನ ಘರ್ಷಣೆಗಿಂತ ತುಸು ಹೆಚ್ಚಿನ ಬಲವೇ ಬೇಕು. ಮೂಟೆಯ ವೇಗ ಸೆಕೆಂಡಿಗೆ ಅರ್ಧ ಮೀಟರ್ ಆದಾಗ ಎಳೆತವನ್ನು 100ಕ್ಕೆ ಇಳಿಸಿದರೆ, ಆ ಅರ್ಧ ಮೀಟರ್ ವೇಗವೇ ಉಳಿಯುತ್ತದೆ. ಬಲಗಳು ಸಮನಾದರೆ ನಿಲ್ಲುವುದು ವೇಗದ ಬದಲಾವಣೆಯೇ ಹೊರತು ಮೂಟೆಯಲ್ಲ.

ಈಗ ಹಗ್ಗ ಬಿಟ್ಟುಬಿಡಿ. ಹಿಂದಕ್ಕೆಳೆಯುವ 100 ನ್ಯೂಟನ್ ಮಾತ್ರ ಉಳಿದು, ಮೂಟೆ ಸುಮಾರು 3 ಸೆಂಟಿಮೀಟರ್ ಜಾರಿ ನಿಲ್ಲುತ್ತದೆ. ಇಷ್ಟು ಬೇಗ ನಿಲ್ಲುವುದರಿಂದಲೇ ‘ಎಳೆತ ಹೋಯಿತು, ಚಲನೆಯೂ ಹೋಯಿತು’ ಎಂಬ ಭಾವನೆ ಬೇರೂರುತ್ತದೆ. ಪುಡಿ ಹಾಕಿದ ಕೇರಂ ಬೋರ್ಡಿನಲ್ಲಿ ಬೆರಳು ಬಿಟ್ಟ ಮೇಲೂ ಸ್ಟ್ರೈಕರ್ ದೂರ ಹೋಗುವುದು ಅಲ್ಲಿ ಘರ್ಷಣೆ ಕಡಿಮೆ ಇರುವುದರಿಂದ. ಅದನ್ನು ಮುಂದೆ ತಳ್ಳುತ್ತಿರುವ ಬಲ ಯಾವುದೂ ಇಲ್ಲ.

ಕೊನೆಗೆ ಮನೆಯಲ್ಲೇ ಅಳೆದು ನೋಡಿ. ಒಂದು ಮರದ ತುಂಡಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಮೇಜಿನ ಮೇಲೆ ಅಡ್ಡಲಾಗಿ ಎಳೆಯಿರಿ. ಖಾಲಿ ಇರುವಾಗ ಮುಳ್ಳು ಸೊನ್ನೆಗೆ ಮರಳದ ಅಗ್ಗದ ತಕ್ಕಡಿಯನ್ನು ಕೊಳ್ಳಲೇಬೇಡಿ. ಹೊರಡುವಾಗ ಮುಳ್ಳು ಏರಿ, ಸಮವಾಗಿ ಸಾಗುವಾಗ ತುಸು ಇಳಿದು ನಿಲ್ಲುತ್ತದೆ. ನಿಧಾನವಾಗಿ ಎಳೆದರೂ ಸ್ವಲ್ಪ ಬೇಗ ಎಳೆದರೂ, ವೇಗ ಸಮವಾಗಿದ್ದರೆ ಅಳತೆ ಹೆಚ್ಚುಕಡಿಮೆ ಒಂದೇ ಬರುತ್ತದೆ. ಮುಳ್ಳು ಓಲಾಡುತ್ತಿದ್ದರೆ ಕೈ ಸಮನಾಗಿ ಎಳೆಯುತ್ತಿಲ್ಲ ಎಂದು ತಿಳಿದು ಮತ್ತೆ ಎಳೆಯಿರಿ.