ವಾಟ್ಸ್ಆ್ಯಪ್‌ಗೆ ಬಂದ ಜಿಎಸ್‌ಟಿ ಬಿಲ್: ಕೂಡಿದರೆ ಸರಿ, ನೋಡಿದರೆ ತಪ್ಪು

ತುಮಕೂರಿನ ಪಾತ್ರೆ ಅಂಗಡಿಯೊಂದಕ್ಕೆ ನಾನು ಲೆಕ್ಕ ಬರೆಯುತ್ತೇನೆ. ಮಾಲೀಕರು ಮೊನ್ನೆ ಒಂದು ಸ್ಕ್ರೀನ್‌ಶಾಟ್ ಕಳಿಸಿ, ‘ಟೋಟಲ್ ಕೂಡಿ ನೋಡಿದೀನಿ ಮೇಡಂ, ಸರಿ ಇದೆ. ಎಂಟ್ರಿ ಹಾಕಿಬಿಡಿ’ ಎಂದರು. ಕೊಯಮತ್ತೂರಿನಿಂದ ತರಿಸಿದ 24 ಮಿಕ್ಸಿಗಳ ಬಿಲ್ ಅದು. ತಲಾ 2,150 ರೂಪಾಯಿಯಂತೆ 51,600. ಅದರ ಕೆಳಗೆ ಕೇಂದ್ರದ ಪಾಲಾದ ಸಿಜಿಎಸ್‌ಟಿ ಶೇ 9, ಅಂದರೆ 4,644. ರಾಜ್ಯದ ಪಾಲಾದ ಎಸ್‌ಜಿಎಸ್‌ಟಿಯೂ ಅಷ್ಟೇ. ಸಾಗಣೆ 600 ಸೇರಿಸಿ, ಶೇ 5 ಡಿಸ್ಕೌಂಟ್ 2,580 ಕಳೆದು, ಕೊನೆಗೆ 58,908. ಕೂಡುವುದು, ಕಳೆಯುವುದು ಎಲ್ಲ ಸರಿಯಾಗಿಯೇ ಇತ್ತು. ಬಿಲ್ ಮಾತ್ರ ತಪ್ಪು.

ಇಂಥ ಬಿಲ್ ಕೈಗೆ ಬಂದಾಗ ಮೊತ್ತಕ್ಕೆ ಮೊದಲು ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ನೋಡಿ. ಅದು ರಾಜ್ಯದ ಸಂಕೇತ. ಕರ್ನಾಟಕಕ್ಕೆ 29, ತಮಿಳುನಾಡಿಗೆ 33. ಮಾರುವವರದು 33ರಿಂದ ಶುರುವಾಗಿ, ಸರಕು ಬಂದಿಳಿಯುವುದು ತುಮಕೂರಿನಲ್ಲಾದರೆ ಇದು ಅಂತರರಾಜ್ಯ ವ್ಯಾಪಾರ. ಪೂರ್ತಿ ಶೇ 18ನ್ನು ಐಜಿಎಸ್‌ಟಿ ಎಂದೇ ಹಾಕಬೇಕು. ಎರಡಾಗಿ ಒಡೆದರೂ ಮೊತ್ತ ಬದಲಾಗುವುದಿಲ್ಲ, ಹಾಗಾಗಿಯೇ ಇದು ಕಣ್ಣಿಗೆ ಬೀಳುವುದಿಲ್ಲ. ಆದರೆ ತಮಿಳುನಾಡಿನ ಎಸ್‌ಜಿಎಸ್‌ಟಿ ಕರ್ನಾಟಕದ ವ್ಯಾಪಾರಿಗೆ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು, ಸಿಗದು.

ಇಲ್ಲೊಂದು ಎಚ್ಚರಿಕೆ. ಇಬ್ಬರ ಸಂಕೇತ ಬೇರೆ ಇದ್ದಾಗಲೆಲ್ಲ ಐಜಿಎಸ್‌ಟಿ ಎಂದುಕೊಳ್ಳಬೇಡಿ. ಇದೇ ಮಾಲೀಕರು ಗೋವಾದ ಹೋಟೆಲಿನಲ್ಲಿ ತಂಗಿದರೆ ಅಲ್ಲಿಯ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಇರುವುದೇ ಸರಿ. ಕೋಣೆ ಇರುವ ಊರೇ ಸೇವೆ ಸಿಕ್ಕ ಜಾಗ. ಬಿಲ್ಲಿನಲ್ಲಿ ‘Place of Supply’ ಎಂಬ ಸಾಲು ಇರುವುದು ಇದನ್ನು ತಿಳಿಸುವುದಕ್ಕೇ. ನಮ್ಮ ಮಿಕ್ಸಿ ಬಿಲ್ಲಿನಲ್ಲಿ ಆ ಸಾಲೇ ಇರಲಿಲ್ಲ.

ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಬಿಲ್ಲಿನಲ್ಲೇ ತೋರಿಸಿದ ಡಿಸ್ಕೌಂಟನ್ನು ತೆರಿಗೆ ಹಾಕುವ ಮೊದಲೇ ಕಳೆಯಬೇಕು. ಮಾರುವವರೇ ಸರಕಿನ ಜೊತೆ ವಸೂಲಿ ಮಾಡುವ ಸಾಗಣೆ ಖರ್ಚನ್ನು ತೆರಿಗೆಗೆ ಮೊದಲೇ ಸೇರಿಸಬೇಕು. ಇವರು ಎರಡನ್ನೂ ತೆರಿಗೆ ಆದಮೇಲೆ ಮಾಡಿದ್ದರು. ಸರಿಯಾದ ಲೆಕ್ಕ ಹೀಗೆ:

```
51,600 − 2,580 + 600 = 49,620
49,620 × 18 ÷ 100 = 8,931.60
49,620 + 8,931.60 = 58,551.60
```

ರೌಂಡ್ ಆಫ್ 40 ಪೈಸೆ ಸೇರಿ 58,552. ಅಂದರೆ 356 ರೂಪಾಯಿ ಹೆಚ್ಚು ಕೇಳಿದ್ದರು. ಮೋಸ ಇರಲಾರದು, ಎಕ್ಸೆಲ್‌ನಲ್ಲಿ ಮಾಡಿದ ಹಳೇ ಬಿಲ್ ನಮೂನೆಯ ಕರಾಮತ್ತು ಇರಬೇಕು.

ಇನ್ನು ಏನೇನು ಬಿಟ್ಟುಹೋಗಿದೆ ಎಂಬುದು. ಸ್ಕ್ರೀನ್‌ಶಾಟಿನಲ್ಲಿ ಮೇಲೆ, ಕೆಳಗೆ ಕತ್ತರಿಸಿ ಹೋಗಿರುವುದೇ ಹೆಚ್ಚು. ಆದ್ದರಿಂದ ‘ಇಲ್ಲ’ ಎನ್ನುವ ಮೊದಲು ಪೂರ್ತಿ ಪಿಡಿಎಫ್ ತರಿಸಿಕೊಳ್ಳಿ. ಇಬ್ಬರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ತಾರೀಕು, ಸರಕು ಯಾವ ಬಗೆಯದೆಂದು ತಿಳಿಸುವ ಎಚ್‌ಎಸ್‌ಎನ್ ಕೋಡ್, ಎಷ್ಟು ಸರಕು, ತೆರಿಗೆ ದರ, ಸಹಿ ಇವನ್ನು ಎಲ್ಲರೂ ನೋಡುತ್ತಾರೆ. ರಿವರ್ಸ್ ಚಾರ್ಜ್, ಅಂದರೆ ಮಾರುವವರ ಬದಲು ಕೊಳ್ಳುವವರೇ ತೆರಿಗೆ ಕಟ್ಟುವುದು, ಇದೆಯೋ ಇಲ್ಲವೋ ಎಂಬ ಸಾಲನ್ನು ಮರೆಯುತ್ತಾರೆ. ಬಿಲ್ ನಂಬರ್ 16 ಅಕ್ಷರ ದಾಟುವಂತಿಲ್ಲ ಎಂಬುದೂ ಬಹಳ ಜನರಿಗೆ ಗೊತ್ತಿಲ್ಲ. ಮಿಕ್ಸಿಗೆ ಇವರು ಎಚ್‌ಎಸ್‌ಎನ್ ಬರೀ ‘85’ ಎಂದು ಬರೆದಿದ್ದರು. ವ್ಯಾಪಾರಿಗೆ ಕೊಡುವ ಬಿಲ್ಲಿನಲ್ಲಿ ಕನಿಷ್ಠ ನಾಲ್ಕು ಅಂಕಿ ಬೇಕು, 8509.

ನಮ್ಮ ಜಿಎಸ್‌ಟಿ ನಂಬರನ್ನೂ ಒಂದೊಂದೇ ಅಕ್ಷರವಾಗಿ ಓದಿ. ಒಟ್ಟು 15 ಅಕ್ಷರ. 3ರಿಂದ 12ರವರೆಗಿನದು ಪ್ಯಾನ್. ಅದರಲ್ಲಿ ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ಅಂಕಿಯ ಜಾಗದಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ‘O’ ಟೈಪಾಗಿದ್ದರೆ ಮಸುಕು ಸ್ಕ್ರೀನ್‌ಶಾಟಿನಲ್ಲಿ ಗೊತ್ತೇ ಆಗದು. ಮಾರುವವರ ನಂಬರನ್ನು services.gst.gov.in ನಲ್ಲಿ ‘Search Taxpayer’ ಒಳಗೆ ಹಾಕಿ. ಬಿಲ್ಲಿನ ಮೇಲಿನ ಹೆಸರೇ ಬರುತ್ತದೆಯೇ, ‘Active’ ಎಂದಿದೆಯೇ ನೋಡಿ. ಅಲ್ಲಿ ‘Composition’, ಅಂದರೆ ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ, ಎಂದಿದ್ದರೆ ಅವರು ತೆರಿಗೆ ವಸೂಲಿ ಮಾಡುವ ಹಾಗೇ ಇಲ್ಲ.

ಇಷ್ಟೆಲ್ಲ ಸರಿ ಇದ್ದರೂ ಸ್ಕ್ರೀನ್‌ಶಾಟ್ ನಂಬಿ ಕ್ರೆಡಿಟ್ ತೆಗೆದುಕೊಳ್ಳಲಾಗದು. ಮಾರುವವರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ ತೋರಿಸಿ, ಅದು ನಮ್ಮ ಖರೀದಿ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಬೇಕು. ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ ಮುಂದಿನ ತಿಂಗಳ 11 ಕೊನೇ ದಿನ. 14ಕ್ಕೆ 2ಬಿ ಸಿದ್ಧವಾಗುತ್ತದೆ. ಹಾಗಾಗಿ ತಪ್ಪು ಕಂಡರೆ 11ಕ್ಕೆ ಮೊದಲೇ ಫೋನ್ ಮಾಡಿ. ಕೊಯಮತ್ತೂರಿನವರಿಗೆ 6ನೇ ತಾರೀಕು ಹೇಳಿದೆವು. ಎರಡು ದಿನದಲ್ಲಿ ಹೊಸ ಬಿಲ್ ಬಂತು. ಈ ಸಲ ಪಿಡಿಎಫ್‌ನಲ್ಲಿ.